ಆರು ವೋಲ್ಟೋ, ಹನ್ನೆರಡು ವೋಲ್ಟೋ?

ಕೈಗೆಟುಕುವಲ್ಲಿ ಒಂದು ಹಾಳೆ, ಒಂದು ಪೆನ್ಸಿಲ್ ಇದ್ದರೆ ತೆಗೆದುಕೊಳ್ಳಿ. ಚಿತ್ರವಿಲ್ಲದೆ ಸರ್ಕ್ಯೂಟಿನ ಮಾತಾಡುವುದು ಕಷ್ಟ, ಬಾನುಲಿಯಲ್ಲಿ ಚಿತ್ರ ತೋರಿಸುವುದು ಅದಕ್ಕಿಂತ ಕಷ್ಟ. ಆದ್ದರಿಂದ ನಾನು ಹೇಳುತ್ತಾ ಹೋಗುತ್ತೇನೆ, ನೀವು ಬರೆದುಕೊಳ್ಳಿ.

ಮೇಲೊಂದು, ಕೆಳಗೊಂದು ಉದ್ದನೆಯ ಅಡ್ಡಗೆರೆ ಎಳೆಯಿರಿ. ಎರಡನ್ನೂ ಕೂಡಿಸುವಂತೆ ಮೂರು ಕಂಬ ನಿಲ್ಲಿಸಿ: ಎಡಕ್ಕೊಂದು, ನಡುವೆ ಒಂದು, ಬಲಕ್ಕೊಂದು. ಎಡಗಂಬದಲ್ಲಿ 18 ವೋಲ್ಟಿನ ಬ್ಯಾಟರಿ, ಅದರ ಪ್ಲಸ್ ತುದಿ ಮೇಲಕ್ಕೆ. ಅದೇ ಕಂಬದಲ್ಲಿ ಬ್ಯಾಟರಿಯ ಮೇಲೆ 2 ಓಮಿನ ರೆಸಿಸ್ಟರ್. ನಡುಗಂಬದಲ್ಲಿ ಬರೀ 6 ಓಮಿನ ರೆಸಿಸ್ಟರ್. ಬಲಗಂಬದಲ್ಲಿ 9 ವೋಲ್ಟಿನ ಬ್ಯಾಟರಿ, ಅದರ ಪ್ಲಸ್ಸೂ ಮೇಲಕ್ಕೇ, ಜೊತೆಗೆ 3 ಓಮಿನ ರೆಸಿಸ್ಟರ್. ಇಷ್ಟೇ ಚಿತ್ರ. ಕಾರಿನ ಬಾನೆಟ್ಟಿನ ಕೆಳಗೆ ಇರುವುದೂ ಹೆಚ್ಚುಕಡಿಮೆ ಇದೇ ಆಕಾರದ್ದು. ಒಂದು ಕಡೆ ಆಲ್ಟರ್ನೇಟರ್, ಇನ್ನೊಂದು ಕಡೆ ಬ್ಯಾಟರಿ, ನಡುವೆ ಹೆಡ್‌ಲೈಟು. ನನ್ನ ಅಂಕಿಗಳು ಮಾತ್ರ ಕಾರಿನವಲ್ಲ, ಲೆಕ್ಕಕ್ಕೆ ಅನುಕೂಲವಾಗಲೆಂದು ಆರಿಸಿಕೊಂಡವು.

ಪ್ರಶ್ನೆ ಇಷ್ಟು: ಯಾವ ಕಂಬದಲ್ಲಿ ಎಷ್ಟು ಕರೆಂಟು ಹರಿಯುತ್ತದೆ? ಕೆಳಗಿನ ಗೆರೆಯನ್ನು ಸೊನ್ನೆ ಅಂತಿಟ್ಟುಕೊಂಡರೆ ಮೇಲಿನ ಗೆರೆ ಎಷ್ಟು ವೋಲ್ಟಿನಲ್ಲಿದೆ?

ಬಹಳ ವರ್ಷಗಳ ಹಿಂದೆ ಇಂಟರ್ನಲ್ ಟೆಸ್ಟಿಗೆ ನಾನೇ ಕೊಟ್ಟ ಪ್ರಶ್ನೆ ಇದು. ಮಾದರಿ ಉತ್ತರವನ್ನೂ ನಾನೇ ಬರೆದು ನೋಟೀಸ್ ಬೋರ್ಡಿಗೆ ಅಂಟಿಸಿದ್ದೆ. ಮೇಲಿನ ಗೆರೆ 6 ವೋಲ್ಟು ಎಂದು ಅದರಲ್ಲಿತ್ತು. ಮಾರನೆಯ ದಿನ ಎರಡನೆಯ ಸಾಲಿನಲ್ಲಿ ಕೂರುತ್ತಿದ್ದ ಹುಡುಗಿಯೊಬ್ಬಳು ಸ್ಟಾಫ್‌ರೂಮಿಗೆ ಬಂದಳು.

"ಸಾರ್, ನನಗೆ ಹನ್ನೆರಡು ವೋಲ್ಟು ಬರ್ತಿದೆ."

"ಎಲ್ಲೋ ತಪ್ಪು ಮಾಡಿದೀಯಮ್ಮ. ನನ್ನದನ್ನ ನಾನು ತಾಳೆ ನೋಡಿದೀನಿ" ಅಂದೆ.

ಸುಳ್ಳು ಹೇಳಿರಲಿಲ್ಲ. ನಿಜವಾಗಿಯೂ ತಾಳೆ ನೋಡಿದ್ದೆ, ಅದೂ ಎರಡು ಸಲ. ಆ ಎರಡು ತಾಳೆಗಳೂ ಯಾಕೆ ಕೆಲಸಕ್ಕೆ ಬಾರದವಾಗಿದ್ದವು ಎನ್ನುವುದೇ ಇವತ್ತಿನ ನನ್ನ ಮಾತು.

ನಾನು ಲೆಕ್ಕ ಮಾಡಿದ್ದು ಮೆಶ್ ವಿಧಾನದಲ್ಲಿ. ಚಿತ್ರದಲ್ಲಿ ಎರಡು ಕಿಟಕಿಗಳಿವೆ, ಎಡಗಡೆಯದೊಂದು, ಬಲಗಡೆಯದೊಂದು. ಒಂದೊಂದು ಕಿಟಕಿಯ ಚೌಕಟ್ಟಿನ ಸುತ್ತಲೂ ಗಡಿಯಾರದ ಮುಳ್ಳಿನಂತೆ ಒಂದೊಂದು ಕರೆಂಟು ಸುತ್ತುತ್ತಿದೆ ಎಂದು ಕಲ್ಪಿಸಿಕೊಳ್ಳಬೇಕು. ಎಡಗಡೆಯದು I₁, ಬಲಗಡೆಯದು I₂. ನಡುಗಂಬ ಎರಡಕ್ಕೂ ಸೇರಿದ್ದು. ಅಲ್ಲಿ ಒಂದು ಇಳಿಯುತ್ತದೆ, ಇನ್ನೊಂದು ಏರುತ್ತದೆ. ಹಾಗಾಗಿ ಅಲ್ಲಿ ಇಳಿಯುವ ನಿಜವಾದ ಕರೆಂಟು I₁ − I₂. ಪ್ರತಿ ಸುತ್ತಿನಲ್ಲೂ ಒಂದು ಪ್ರದಕ್ಷಿಣೆ ಹಾಕಿ ವೋಲ್ಟೇಜಿನ ಏರಿಳಿತ ಕೂಡಿದರೆ ಸೊನ್ನೆ ಬರಬೇಕು. ಬೆಟ್ಟ ಹತ್ತಿ ಇಳಿದು ಮನೆಗೇ ಬಂದವನು ಹೊರಟ ಎತ್ತರದಲ್ಲೇ ಇರುತ್ತಾನಲ್ಲ, ಹಾಗೆ.

ಎಡಗಡೆಯ ಸುತ್ತು ಸಲೀಸು. 2 ಓಮು, 6 ಓಮು ಸೇರಿ 8 ಓಮು. ಬ್ಯಾಟರಿಯನ್ನು ಮೈನಸ್ಸಿನಿಂದ ಪ್ಲಸ್ಸಿಗೆ ಹತ್ತುತ್ತೇವೆ:

8I₁ − 6I₂ = 18

ಬಲಗಡೆಯ ಸುತ್ತಿನಲ್ಲಿ 6 ಓಮು, 3 ಓಮು ಸೇರಿ 9. ನಾನು ಬರೆದದ್ದು ಹೀಗೆ:

−6I₁ + 9I₂ = 9

ಬಿಡಿಸಿದೆ. I₁ 6 ಆಂಪಿಯರು, I₂ 5 ಆಂಪಿಯರು ಬಂತು. ನಡುಗಂಬದಲ್ಲಿ ಆರರಲ್ಲಿ ಐದು ಹೋಗಿ 1 ಆಂಪಿಯರು, ಅದನ್ನು 6 ಓಮಿನಿಂದ ಗುಣಿಸಿದರೆ 6 ವೋಲ್ಟು. ಎಲ್ಲವೂ ಪೂರ್ಣಾಂಕ! ಇದು ಮೇಷ್ಟ್ರುಗಳಿಗೂ ಮಕ್ಕಳಿಗೂ ಇರುವ ಒಂದು ಮೂಢನಂಬಿಕೆ. ಉತ್ತರ ಪೂರ್ಣಾಂಕದಲ್ಲಿ ಬಂದರೆ ಅದು ಸರಿಯಾದ ಉತ್ತರವೇ ಎಂದು ಮನಸ್ಸು ಒಳಗೊಳಗೇ ತೀರ್ಮಾನಿಸಿಬಿಡುತ್ತದೆ.

ಆದರೂ ತಾಳೆ ನೋಡಿದೆ. ಮೊದಲ ತಾಳೆ: ಉತ್ತರವನ್ನು ಸಮೀಕರಣಕ್ಕೇ ಮತ್ತೆ ಹಾಕಿದೆ. 48ರಲ್ಲಿ 30 ಹೋದರೆ 18, ಸರಿ. 45ರಲ್ಲಿ 36 ಹೋದರೆ 9, ಅದೂ ಸರಿ. ಎರಡನೆಯ ತಾಳೆ: ಮೇಲಿನ ಗೆರೆಗೆ ಬಂದ ಕರೆಂಟೂ ಹೋದ ಕರೆಂಟೂ ಸಮವೇ ಎಂದು ನೋಡಿದೆ. ಎಡದಿಂದ 6 ಬಂತು, ನಡುವೆ 1 ಇಳಿಯಿತು, ಬಲಕ್ಕೆ 5 ಹೋಯಿತು. ಆರಕ್ಕೆ ಆರು. ಪೆನ್ನಿನ ಕ್ಯಾಪ್ ಹಾಕಿ ಎದ್ದೆ.

ಆ ಹುಡುಗಿ ತನ್ನ ಹಾಳೆ ತೆಗೆದಳು. ಅವಳಿಗೆ ಮೆಶ್ ಇಷ್ಟವಿಲ್ಲವಂತೆ. "ಪ್ಲಸ್ಸು ಮೈನಸ್ಸು ಗಲಿಬಿಲಿ ಆಗತ್ತೆ ಸಾರ್" ಅಂದಳು. ಅವಳು ಮಾಡಿದ್ದು ನೋಡ್ ವಿಧಾನದಲ್ಲಿ. ನೋಡ್ ಅಂದರೆ ತಂತಿಗಳು ಕೂಡುವ ಗಂಟು. ನಮ್ಮ ಚಿತ್ರದಲ್ಲಿ ಮೇಲಿನ ಗೆರೆ ಇಡಿಯಾಗಿ ಒಂದೇ ಗಂಟು, ಅದರ ವೋಲ್ಟೇಜು V. ಗೊತ್ತಿಲ್ಲದಿರುವುದು ಅದೊಂದೇ. ಎಡಗಂಬದ ಬ್ಯಾಟರಿಯ ತಲೆ 18ರಲ್ಲಿದೆ, ಗಂಟು V ಯಲ್ಲಿದೆ, ನಡುವೆ 2 ಓಮು. ಬಲಗಂಬದ ಬ್ಯಾಟರಿಯ ತಲೆ 9ರಲ್ಲಿದೆ, ನಡುವೆ 3 ಓಮು. ಎರಡೂ ಕಡೆಯಿಂದ ಗಂಟಿಗೆ ಬರುವ ಕರೆಂಟು ನಡುಗಂಬದಲ್ಲಿ ಇಳಿದು ಹೋಗಬೇಕು:

(18 − V)/2 + (9 − V)/3 = V/6

ಆರರಿಂದ ಗುಣಿಸಿ: 54 − 3V + 18 − 2V = V. ಆರು V ಸೇರಿ 72, ಒಂದು V 12. ಎಡಗಂಬದಲ್ಲಿ 3 ಆಂಪಿಯರು ಮೇಲಕ್ಕೆ, ನಡುವೆ 2 ಆಂಪಿಯರು ಕೆಳಕ್ಕೆ, ಬಲಗಂಬದಲ್ಲಿ 1 ಆಂಪಿಯರು ಕೆಳಕ್ಕೆ. ಇಲ್ಲೂ ಎಲ್ಲ ಪೂರ್ಣಾಂಕ. ನನ್ನ ಮೂಢನಂಬಿಕೆ ಅಲ್ಲಿಗೆ ಸತ್ತಿತು.

ಎರಡು ಉತ್ತರಗಳು ಎದುರುಬದುರು ನಿಂತಾಗ ಹಿರಿತನದ ಮೇಲೆ ತೀರ್ಪು ಕೊಡಲಾಗುವುದಿಲ್ಲ. ಯಾರದು ಸರಿ ಎಂದು ನೋಡಲು ಒಂದು ಸಣ್ಣ ಉಪಾಯವಿದೆ. ಮೇಲಿನ ಗೆರೆ ಒಂದೇ ತಂತಿ, ಅದಕ್ಕಿರುವುದು ಒಂದೇ ವೋಲ್ಟೇಜು. ಕೆಳಗಿನ ಗೆರೆಯಿಂದ ಅಲ್ಲಿಗೆ ಹತ್ತಲು ಮಾತ್ರ ಮೂರು ಕಂಬಗಳಿವೆ. ಯಾವ ಕಂಬ ಹತ್ತಿದರೂ ಒಂದೇ ಎತ್ತರ ಸಿಗಬೇಕು. ನನ್ನ ಉತ್ತರವನ್ನು ಹಿಡಿದು ಹತ್ತೋಣ. ಎಡಗಂಬ: 18 ಹತ್ತಿ, 2 ಓಮಿನಲ್ಲಿ 6 ಆಂಪಿಯರಿಗೆ 12 ವೋಲ್ಟು ಕಳೆದುಕೊಂಡರೆ 6. ನಡುಗಂಬ: 6 ಓಮು, 1 ಆಂಪಿಯರು, 6. ಇಲ್ಲಿಯವರೆಗೆ ಸರಿ. ಬಲಗಂಬ: ಬ್ಯಾಟರಿ 9 ವೋಲ್ಟು ಹತ್ತಿಸುತ್ತದೆ. ಕರೆಂಟು ಕೆಳಗಿಳಿಯುತ್ತಿರುವುದರಿಂದ ರೆಸಿಸ್ಟರಿನ ಮೇಲ್ತುದಿ ಕೆಳತುದಿಗಿಂತ 15 ವೋಲ್ಟು ಎತ್ತರದಲ್ಲಿದೆ. ಒಟ್ಟು 24.

ಆರು, ಆರು, ಇಪ್ಪತ್ನಾಲ್ಕು. ಒಂದೇ ತಂತಿ 6 ವೋಲ್ಟಿನಲ್ಲೂ 24 ವೋಲ್ಟಿನಲ್ಲೂ ಇರುವುದು ಸಾಧ್ಯವಿಲ್ಲ. ಮೇಲಾಗಿ ಈ ಸರ್ಕ್ಯೂಟಿನಲ್ಲಿ 18ಕ್ಕಿಂತ ಹೆಚ್ಚಿನ ವೋಲ್ಟೇಜು ಹುಟ್ಟುವ ಜಾಗವೇ ಇಲ್ಲ. ಮೇಲಿನ ಗೆರೆಯ ವೋಲ್ಟೇಜು 18, 9, 0 ಈ ಮೂರರ ಒಂದು ಸರಾಸರಿ ಮಾತ್ರ. ಯಾವ ಕಂಬದ ಓಮು ಕಡಿಮೆಯೋ ಅದರ ಎಳೆತ ಹೆಚ್ಚು, ಅಷ್ಟೇ ವ್ಯತ್ಯಾಸ. ಅವಳ ಉತ್ತರವನ್ನು ಹಿಡಿದು ಹತ್ತಿದೆ. 18ರಲ್ಲಿ 6 ಹೋಗಿ 12, ಎರಡಾರಲೆ 12, ಒಂಬತ್ತಕ್ಕೆ ಮೂರು ಸೇರಿ 12.

ಈ ಉಪಾಯದಲ್ಲಿ ನನಗೆ ಇಷ್ಟವಾದದ್ದೇನೆಂದರೆ, ತಪ್ಪಿದೆ ಎಂದಷ್ಟೇ ಅಲ್ಲ, ತಪ್ಪು ಎಲ್ಲಿದೆ ಎಂದೂ ಅದು ಬೆರಳು ಮಾಡಿ ತೋರಿಸುತ್ತದೆ. ಎರಡು ಕಂಬಗಳು ಒಪ್ಪುತ್ತಿವೆ, ಬಲಗಂಬ ಒಪ್ಪುತ್ತಿಲ್ಲ. ಹಾಗಾದರೆ ಬಲಗಂಬವಿರುವ ಸಮೀಕರಣವನ್ನು ಹುಡುಕು. ಹುಡುಕಿದರೆ ಸಿಕ್ಕಿತು. ಬಲಗಡೆಯ ಕಿಟಕಿಯನ್ನು ಗಡಿಯಾರದ ಮುಳ್ಳಿನಂತೆ ಸುತ್ತಿದರೆ ಬಲಗಂಬವನ್ನು ಇಳಿಯಬೇಕು. ಅಂದರೆ ಬ್ಯಾಟರಿಯ ಪ್ಲಸ್ಸಿನಿಂದ ಮೈನಸ್ಸಿಗೆ ಬರಬೇಕು, 9 ವೋಲ್ಟು ಇಳಿಯಬೇಕು. ಬಲಗಡೆ ಬರೆಯಬೇಕಾದದ್ದು ಮೈನಸ್ 9. ಎಡಗಡೆಯ ಸುತ್ತಿನಲ್ಲಿ 18 ಎಂದು ಬರೆದ ಕೈ ಅದೇ ಓಘದಲ್ಲಿ ಇಲ್ಲೂ 9 ಎಂದು ಬರೆದುಬಿಟ್ಟಿತ್ತು. ಬ್ಯಾಟರಿ ಎಂದರೆ ಕೊಡುವಂಥದ್ದು ಎಂಬ ಅಭ್ಯಾಸಬಲ. ಈ ಸರ್ಕ್ಯೂಟಿನಲ್ಲಿ ಅದು ಕೊಡುತ್ತಿಲ್ಲ. 12 ವೋಲ್ಟಿನ ಗಂಟಿಗೆ ಕಟ್ಟಿದ 9 ವೋಲ್ಟಿನ ಬ್ಯಾಟರಿ ಕರೆಂಟು ತೆಗೆದುಕೊಳ್ಳುತ್ತಿದೆ, ಚಾರ್ಜ್ ಆಗುತ್ತಿದೆ.

ಈಗ ನನ್ನ ಎರಡು ತಾಳೆಗಳ ಕಥೆಗೆ ಬರೋಣ. ಉತ್ತರವನ್ನು ಸಮೀಕರಣಕ್ಕೆ ವಾಪಸು ಹಾಕುವುದರಿಂದ ಗೊತ್ತಾಗುವುದು ಕೂಡು ಕಳೆ ಸರಿಯಾಗಿದೆಯೇ ಎಂಬುದು ಮಾತ್ರ. ಸಮೀಕರಣವೇ ಬೇರೆ ಸರ್ಕ್ಯೂಟಿನದಾದರೆ ಆ ಬೇರೆ ಸರ್ಕ್ಯೂಟಿಗೆ ಉತ್ತರ ಸರಿಯಾಗಿಯೇ ಇರುತ್ತದೆ. ಇದು ಸುಲಭವಾಗಿ ಹೊಳೆಯುವ ಮಾತು. ಎರಡನೆಯದು ಹೆಚ್ಚು ಮೋಸದ್ದು. ಬಂದ ಕರೆಂಟು ಹೋದ ಕರೆಂಟಿಗೆ ಸಮವಾಯಿತಲ್ಲ, ಕಿರ್ಚಾಫ್ ನಿಯಮ ಪಾಲನೆಯಾಯಿತಲ್ಲ ಎಂದು ನಾನು ಸಮಾಧಾನ ಪಟ್ಟುಕೊಂಡಿದ್ದೆ. ಅದು ಸಮವಾಗದೆ ಇರುವುದು ಸಾಧ್ಯವೇ ಇರಲಿಲ್ಲ! ನಡುಗಂಬದ 1 ಆಂಪಿಯರು ಎಲ್ಲಿಂದ ಬಂತು? ಆರರಲ್ಲಿ ಐದು ಕಳೆದೇ ಬಂತು. ಆಮೇಲೆ ಒಂದಕ್ಕೆ ಐದು ಕೂಡಿಸಿ ಆರಾಯಿತು ಎಂದು ಸಂತೋಷಪಟ್ಟರೆ ಏನು ಹೇಳೋಣ? I₁ಕ್ಕೆ ನೂರು, I₂ಕ್ಕೆ ಎಪ್ಪತ್ತು ಎಂದು ಬಾಯಿಗೆ ಬಂದ ಅಂಕಿ ಇಟ್ಟರೂ ಆ ತಾಳೆ ಸರಿಹೋಗುತ್ತದೆ.

ಇದು ಆಕಸ್ಮಿಕವಲ್ಲ, ಮೆಶ್ ವಿಧಾನದ ಹುಟ್ಟುಗುಣ. ಗುಸ್ತಾವ್ ಕಿರ್ಚಾಫ್ ತಮ್ಮ ಎರಡು ನಿಯಮಗಳನ್ನು ಪ್ರಕಟಿಸಿದ್ದು 1845ರಲ್ಲಿ, ಕೋನಿಗ್ಸ್‌ಬರ್ಗ್‌ನಲ್ಲಿ ಇನ್ನೂ ವಿದ್ಯಾರ್ಥಿಯಾಗಿದ್ದಾಗ. ಒಂದು ನಿಯಮ ಗಂಟಿನದು: ಬಂದಷ್ಟೂ ಹೋಗಬೇಕು. ಇನ್ನೊಂದು ಸುತ್ತಿನದು: ಏರಿದಷ್ಟೂ ಇಳಿಯಬೇಕು. ಅವೆರಡನ್ನೂ ನೇರವಾಗಿ ಬಳಸಿದರೆ ನಮ್ಮ ಪುಟ್ಟ ಚಿತ್ರಕ್ಕೇ ಮೂರು ಕಂಬದ ಮೂರು ಕರೆಂಟು, ಮೂರು ಸಮೀಕರಣ. ಸುತ್ತುವ ಕರೆಂಟುಗಳ ಕಲ್ಪನೆ ಆಮೇಲೆ ಮ್ಯಾಕ್ಸ್‌ವೆಲ್‌ರಿಂದ ಬಂದದ್ದು. ಸುತ್ತುವ ಕರೆಂಟು ಒಂದು ಗಂಟಿಗೆ ಯಾವ ಬಾಗಿಲಿಂದ ಬಂದರೂ ಇನ್ನೊಂದು ಬಾಗಿಲಿಂದ ಹೊರಗೆ ಹೋಗಿಯೇ ಹೋಗುತ್ತದೆ. ಆದ್ದರಿಂದ ಗಂಟಿನ ನಿಯಮ ತಾನಾಗಿಯೇ ಪಾಲನೆಯಾಗುತ್ತದೆ, ಬರೆಯುವ ಅಗತ್ಯವಿಲ್ಲ, ಒಂದು ಸಮೀಕರಣ ಉಳಿತಾಯವಾಗುತ್ತದೆ. ಉಳಿತಾಯದ ಜೊತೆಗೇ ಒಂದು ನಷ್ಟವೂ ಬಂತು: ಯಾವ ನಿಯಮ ತಾನಾಗಿಯೇ ಪಾಲನೆಯಾಗುತ್ತದೋ ಅದನ್ನು ಪರೀಕ್ಷೆಗೆ ಬಳಸಲಾಗುವುದಿಲ್ಲ.

ನೋಡ್ ವಿಧಾನ ಇದರ ತದ್ವಿರುದ್ಧ. ಅಲ್ಲಿ ಪ್ರತಿ ಗಂಟಿಗೂ ಒಂದು ಎತ್ತರ ಕೊಟ್ಟೇ ಶುರು ಮಾಡುತ್ತೇವೆ. ಸುತ್ತಿ ಬಂದರೆ ಅದೇ ಎತ್ತರ ಸಿಗಲೇಬೇಕು, ಸುತ್ತಿನ ನಿಯಮ ತಾನಾಗಿ ಪಾಲನೆಯಾಗುತ್ತದೆ. ನಾವು ಕಷ್ಟಪಟ್ಟು ಬರೆಯುವುದು ಗಂಟಿನ ನಿಯಮವನ್ನು. ಹೀಗಾಗಿ ಮೆಶ್‌ನಲ್ಲಿ ಬಿಡಿಸಿದ್ದನ್ನು ಗಂಟಿನಲ್ಲಿ ಕರೆಂಟು ಕೂಡಿ ತಾಳೆ ನೋಡಬಾರದು, ಗಂಟಿನ ವೋಲ್ಟೇಜನ್ನು ಬೇರೆಬೇರೆ ದಾರಿಯಿಂದ ಹತ್ತಿ ನೋಡಬೇಕು. ನೋಡ್‌ನಲ್ಲಿ ಬಿಡಿಸಿದ್ದನ್ನು ವೋಲ್ಟೇಜಿನ ಪ್ರದಕ್ಷಿಣೆ ಹಾಕಿ ತಾಳೆ ನೋಡಬಾರದು, ಒಂದೊಂದು ಕಂಬದ ಕರೆಂಟನ್ನೂ ಓಮನ ನಿಯಮದಿಂದ ಬೇರೆಬೇರೆಯಾಗಿ ತೆಗೆದು ಗಂಟಿನಲ್ಲಿ ಕೂಡಿ ನೋಡಬೇಕು. ಸಮಯವಿದ್ದರೆ ಇನ್ನೊಂದು ವಿಧಾನದಲ್ಲಿ ಪೂರ್ತಿ ಮಾಡಿ. ಇಲ್ಲದಿದ್ದರೆ ಈ ಅರ್ಧ ನಿಮಿಷದ ತಾಳೆಯಾದರೂ ಸಾಕು.

ನಮ್ಮೂರಿನ ದಿನಸಿ ಅಂಗಡಿಯ ಶೆಟ್ಟರು ಚೀಟಿಯ ಮೊತ್ತವನ್ನು ಮೇಲಿನಿಂದ ಕೆಳಕ್ಕೆ ಒಮ್ಮೆ ಕೂಡಿ, ಆಮೇಲೆ ಕೆಳಗಿನಿಂದ ಮೇಲಕ್ಕೆ ಇನ್ನೊಮ್ಮೆ ಕೂಡುತ್ತಿದ್ದರು. ಎರಡು ಸಲವೂ ಮೇಲಿನಿಂದಲೇ ಯಾಕೆ ಕೂಡುವುದಿಲ್ಲ ಎಂದು ಚಿಕ್ಕಂದಿನಲ್ಲಿ ಕೇಳಿದ್ದೆ. "ಅದೇ ದಾರೀಲಿ ಹೋದ್ರೆ ಅದೇ ಕಲ್ಲು ಎಡವ್ತೀವಿ ಕಣೋ" ಅಂದಿದ್ದರು. ಮೆಶ್‌ನಲ್ಲಿ ಎಡವುವ ಕಲ್ಲು ಬ್ಯಾಟರಿಯ ಪ್ಲಸ್ ಮೈನಸ್ಸು, ಮತ್ತೆ ಎರಡು ಸುತ್ತಿಗೂ ಸೇರಿದ ನಡುಗಂಬ. ನೋಡ್‌ನಲ್ಲಿ ಎಡವುವ ಕಲ್ಲು ಬೇರೆ: ಕರೆಂಟು ಗಂಟಿಗೆ ಬರುತ್ತದೋ ಹೋಗುತ್ತದೋ ಎಂಬುದನ್ನು ಅರ್ಧದಲ್ಲಿ ಬದಲಾಯಿಸುವುದು, ಓಮಿನಿಂದ ಭಾಗಿಸುವ ಬದಲು ಗುಣಿಸುವುದು. ಕಲ್ಲುಗಳು ಬೇರೆ ಬೇರೆ ಜಾಗದಲ್ಲಿರುವುದರಿಂದಲೇ ಎರಡು ವಿಧಾನವೂ ತಪ್ಪಿ ಒಂದೇ ತಪ್ಪು ಉತ್ತರಕ್ಕೆ ಬಂದು ನಿಲ್ಲುವುದು ಅಪರೂಪ.

ಅಪರೂಪ ಅಂದೆ, ಇಲ್ಲವೇ ಇಲ್ಲ ಅನ್ನಲಿಲ್ಲ. ಒಂದು ಜಾತಿಯ ತಪ್ಪು ಎರಡೂ ವಿಧಾನಗಳ ಕಣ್ಣಿಗೆ ಮಣ್ಣೆರಚುತ್ತದೆ. ಪ್ರಶ್ನೆಪತ್ರಿಕೆಯಿಂದ ಚಿತ್ರವನ್ನು ಉತ್ತರಪತ್ರಿಕೆಗೆ ಇಳಿಸಿಕೊಳ್ಳುವಾಗಲೇ 9 ವೋಲ್ಟಿನ ಬ್ಯಾಟರಿಯನ್ನು ತಲೆಕೆಳಗಾಗಿ ಬರೆದುಕೊಂಡಿರಿ ಎನ್ನೋಣ. ಆಮೇಲೆ ಮೆಶ್‌ನಲ್ಲಿ ಮಾಡಿದರೂ 6 ವೋಲ್ಟು, ನೋಡ್‌ನಲ್ಲಿ ಮಾಡಿದರೂ 6 ವೋಲ್ಟು. ಮೂರು ಕಂಬ ಹತ್ತಿ ನೋಡಿದರೂ 6, 6, 6. ಎಲ್ಲವೂ ಒಪ್ಪುತ್ತವೆ, ಎಲ್ಲವೂ ತಪ್ಪು. ಪವರ್ ಲೆಕ್ಕವೂ ಕೈಹಿಡಿಯುವುದಿಲ್ಲ. ಮೊದಲ ಬ್ಯಾಟರಿ 18 ವೋಲ್ಟಿಗೆ 6 ಆಂಪಿಯರು, 108 ವ್ಯಾಟು. ಎರಡನೆಯದು 9 ವೋಲ್ಟಿಗೆ 5 ಆಂಪಿಯರು, 45 ವ್ಯಾಟು. ಕೊಟ್ಟದ್ದು ಒಟ್ಟು 153. ಮೂರು ರೆಸಿಸ್ಟರುಗಳಲ್ಲಿ ಬಿಸಿಯಾಗಿ ಹೋದದ್ದು 72, 6, 75. ಕೂಡಿ ನೋಡಿ, ಅದೂ 153. ಇಷ್ಟು ಚೊಕ್ಕವಾಗಿ ಜಮಾಖರ್ಚು ಹೊಂದಿದ ಮೇಲೆ ಯಾರು ತಾನೇ ಅನುಮಾನಿಸುತ್ತಾರೆ?

ಇದಕ್ಕೆ ನಾನು ಕಂಡುಕೊಂಡ ಮದ್ದು ಒಂದೇ. ಎರಡನೆಯ ವಿಧಾನವನ್ನು ನಿಮ್ಮ ಹಾಳೆಯ ಚಿತ್ರದಿಂದ ಶುರು ಮಾಡಬೇಡಿ, ಪ್ರಶ್ನೆಯ ಮೂಲ ಚಿತ್ರದಿಂದ ಶುರು ಮಾಡಿ. ಓಮುಗಳನ್ನೂ ಪ್ಲಸ್ಸು ಮೈನಸ್ಸುಗಳನ್ನೂ ಅಲ್ಲಿಂದಲೇ ಹೊಸದಾಗಿ ಓದಿಕೊಳ್ಳಿ. ಕಂಪ್ಯೂಟರಿಗೆ ಹಾಕಿ ನೋಡುವವರಿಗೂ ಇದೇ ಮಾತು. 1970ರ ದಶಕದ ಆರಂಭದಲ್ಲಿ ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಹುಟ್ಟಿದ ಸ್ಪೈಸ್ ಎಂಬ ಪ್ರೋಗ್ರಾಮೂ ಅದರ ಮರಿಮಕ್ಕಳೂ ಒಳಗೊಳಗೆ ಮಾಡುವುದು ನೋಡ್ ವಿಧಾನವನ್ನೇ, ಅದರ ಸ್ವಲ್ಪ ಮಾರ್ಪಾಟಾದ ರೂಪವನ್ನು. ಹಾಗಾಗಿ ಕೈಯಲ್ಲಿ ಮೆಶ್, ಕಂಪ್ಯೂಟರಿನಲ್ಲಿ ಸ್ಪೈಸ್ ಮಾಡಿದರೆ ನಿಜಕ್ಕೂ ಎರಡು ವಿಧಾನವಾಗುತ್ತದೆ. ಆದರೆ ಬ್ಯಾಟರಿಯ ಎರಡು ತುದಿಗಳ ಹೆಸರನ್ನು ಹಿಂದುಮುಂದಾಗಿ ಟೈಪ್ ಮಾಡಿದರೆ ಅದು ನಿಮ್ಮ ತಪ್ಪನ್ನೇ ಬಹಳ ನಿಖರವಾಗಿ, ಆರೇಳು ದಶಮಾಂಶ ಸ್ಥಾನದವರೆಗೆ ಲೆಕ್ಕ ಹಾಕಿ ಕೊಡುತ್ತದೆ.

ಎರಡು ವಿಧಾನದ ಉತ್ತರಗಳು ಪೂರ್ತಿ ಒಪ್ಪದೆ, ಪೂರ್ತಿ ಬೇರೆಯೂ ಆಗದೆ, 2.73 ಒಂದು ಕಡೆ, 2.75 ಇನ್ನೊಂದು ಕಡೆ ಬಂದರೆ? ಸಾಮಾನ್ಯವಾಗಿ ಅದು ನಡುವೆ ಅಂಕಿಗಳನ್ನು ಕತ್ತರಿಸಿದ್ದರ ಫಲ. ಇನ್ನೆರಡು ಸ್ಥಾನ ಉಳಿಸಿಕೊಂಡು ಮತ್ತೆ ಮಾಡಿ. ವ್ಯತ್ಯಾಸ ಕುಗ್ಗಿದರೆ ಕತ್ತರಿಯ ತಪ್ಪು, ಹಾಗೆಯೇ ಉಳಿದರೆ ಸಮೀಕರಣದ ತಪ್ಪು. ಪಿಯುಸಿಯವರಿಗೆ ಗೊತ್ತಿರುವ ವೀಟ್‌ಸ್ಟನ್ ಬ್ರಿಡ್ಜಿನಲ್ಲಿ ಮಾತ್ರ ಜಾಸ್ತಿ ಎಚ್ಚರ ಬೇಕು. ಬ್ರಿಡ್ಜು ಸಮತೋಲಕ್ಕೆ ಹತ್ತಿರವಿದ್ದಾಗ ಗ್ಯಾಲ್ವನೋಮೀಟರಿನ ಕರೆಂಟು ಎರಡು ಸುತ್ತಿನ ಕರೆಂಟುಗಳ ವ್ಯತ್ಯಾಸ, ಆ ಎರಡೂ ಹೆಚ್ಚುಕಡಿಮೆ ಸಮ. 1.002ರಲ್ಲಿ 1.000 ಕಳೆಯಬೇಕಾದಲ್ಲಿ ಎರಡನ್ನೂ 1.00 ಎಂದು ಬರೆದುಕೊಂಡರೆ ಉತ್ತರ ಸೊನ್ನೆ, ಹೇಳಬೇಕಾದ ಸಂಗತಿಯೇ ಮಾಯ. ನೋಡ್ ವಿಧಾನಕ್ಕೆ ಹೋದರೆ ಅಲ್ಲೂ ಎರಡು ಹತ್ತಿರದ ವೋಲ್ಟೇಜುಗಳ ವ್ಯತ್ಯಾಸವೇ. ಅಲ್ಲಿ ನಾನು ಮಾಡುವುದು ಇಷ್ಟು: ಗ್ಯಾಲ್ವನೋಮೀಟರಿನ ಮೂಲಕ ಒಂದೇ ಒಂದು ಸುತ್ತು ಹೋಗುವಂತೆ, ಇನ್ನೊಂದು ಸುತ್ತು ಹೊರಗಿನಿಂದ ಬಳಸಿಕೊಂಡು ಬರುವಂತೆ ದಾರಿ ಆರಿಸಿಕೊಳ್ಳುತ್ತೇನೆ. ಆಗ ಬೇಕಾದ ಕರೆಂಟು ಕಳೆಯುವ ಗೋಜಿಲ್ಲದೆ ನೇರವಾಗಿ ಸಿಗುತ್ತದೆ.

ಎರಡನೆಯ ವಿಧಾನವಾಗಿ ಯಾವುದನ್ನು ಆರಿಸಬೇಕು ಎಂದು ಮಕ್ಕಳು ಕೇಳುತ್ತಾರೆ. ಮೊದಲು ಯಾವುದನ್ನು ಮಾಡಿದಿರೋ ಅದಲ್ಲದ್ದನ್ನು! ತಮಾಷೆ ಬಿಟ್ಟು ಹೇಳುವುದಾದರೆ, ಎರಡು ಕಿಟಕಿಗಳ ನಡುವಿನ ಕಂಬದಲ್ಲಿ ಬ್ಯಾಟರಿಯ ಬದಲು ಕರೆಂಟ್ ಸೋರ್ಸ್ ಇದ್ದರೆ ಮೆಶ್‌ನಲ್ಲಿ ಮಾಡಿದ್ದನ್ನು ಖಂಡಿತ ನೋಡ್‌ನಲ್ಲಿ ತಾಳೆ ನೋಡಿ. ಕರೆಂಟ್ ಸೋರ್ಸಿನ ಎರಡು ತುದಿಗಳ ನಡುವೆ ವೋಲ್ಟೇಜೇ ಇಲ್ಲ ಎಂಬಂತೆ ಸುತ್ತಿನ ಸಮೀಕರಣ ಬರೆದ ಉತ್ತರಪತ್ರಿಕೆಗಳನ್ನು ನಾನು ಲೆಕ್ಕವಿಲ್ಲದಷ್ಟು ನೋಡಿದ್ದೇನೆ. ಅಲ್ಲಿ ವೋಲ್ಟೇಜು ಇರುತ್ತದೆ, ಎಷ್ಟೆಂದು ಮೊದಲೇ ಗೊತ್ತಿರುವುದಿಲ್ಲ ಅಷ್ಟೆ. ನೋಡ್ ವಿಧಾನಕ್ಕೆ ಆ ಗೊಡವೆಯೇ ಇಲ್ಲ. ಗಂಟಿಗೆ ಬರುವ ಕರೆಂಟುಗಳ ಜೊತೆ ಅದನ್ನೂ ಒಂದು ಅಂಕಿಯಾಗಿ ಸೇರಿಸಿದರೆ ಮುಗಿಯಿತು.

ಆ ಹುಡುಗಿ ಹೋದ ಮೇಲೆ ನೋಟೀಸ್ ಬೋರ್ಡಿನ ಹಾಳೆ ಕಿತ್ತೆ. ಅರವತ್ತು ಚಿಲ್ಲರೆ ಪತ್ರಿಕೆಗಳನ್ನು ಆಗಲೇ ತಿದ್ದಿ ಮುಗಿಸಿದ್ದೆ. ಅವನ್ನು ರಾತ್ರಿ ಕೂತು ಮತ್ತೆ ತಿದ್ದಿದೆ. 12 ಎಂದು ಬರೆದು ಸೊನ್ನೆ ಪಡೆದವರೂ ಇದ್ದರು, 6 ಎಂದು ಬರೆದು ಪೂರ್ತಿ ಅಂಕ ಪಡೆದವರೂ ಇದ್ದರು. ಎರಡನೆಯವರಿಗೆ ವಿಷಯ ತಿಳಿಸುವುದು ಮೊದಲನೆಯವರ ಕ್ಷಮೆ ಕೇಳುವುದಕ್ಕಿಂತ ಕಷ್ಟವಾಯಿತು.

ನಿಮ್ಮ ಹಾಳೆಯಲ್ಲಿ ಚಿತ್ರ ಇನ್ನೂ ಇದೆಯಲ್ಲ? 9 ವೋಲ್ಟಿನ ಬ್ಯಾಟರಿಯನ್ನು ಈಗ ನಿಜವಾಗಿಯೂ ತಿರುಗಿಸಿ, ಮೈನಸ್ ಮೇಲಕ್ಕೆ ಬರಲಿ. ಮೆಶ್‌ನಲ್ಲಿ ಒಮ್ಮೆ, ನೋಡ್‌ನಲ್ಲಿ ಒಮ್ಮೆ ಬಿಡಿಸಿ, ಆಮೇಲೆ ಮೂರೂ ಕಂಬಗಳನ್ನು ಹತ್ತಿ ನೋಡಿ. ಈ ಸಲ ಮೂರು ಕಡೆಯೂ ಆರೇ ಬರಬೇಕು. ಬಲಗಂಬದಲ್ಲಿ ಮಾತ್ರ 24 ಬಂದರೆ, ಬ್ಯಾಟರಿಯನ್ನು ಚಿತ್ರದಲ್ಲಿ ತಿರುಗಿಸಿದ್ದೀರಿ, ಹತ್ತುವಾಗ ತಿರುಗಿಸಿಲ್ಲ.